ನೋಟರಿ ಮುದ್ರೆ ಸಾಕು ಎಂದಿದ್ದೆ

ನಲವತ್ತು ವರ್ಷ ಹುಣಸೂರಿನ ತಾಲ್ಲೂಕು ಕಚೇರಿಯ ಹತ್ತಿರ ತಗಡಿನ ಚಪ್ಪರದ ಕೆಳಗೆ ಕೂತು ಪತ್ರ ಬರೆದವನು ನಾನು. ಓದಿದ್ದು ಹೈಸ್ಕೂಲಿನವರೆಗೆ. ಅಕ್ಷರ ದುಂಡಗಿತ್ತು. ಅದೊಂದೇ ನನ್ನ ಬಂಡವಾಳ. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ ಬರೆಯುತ್ತಿದ್ದೆ. ಇವುಗಳ ನಡುವೆ ವರ್ಷಕ್ಕೆ ಒಂದೆರಡು ಗಂಡ ಹೆಂಡತಿಯ ಬಿಡುಗಡೆ ಪತ್ರಗಳೂ ಬರುತ್ತಿದ್ದವು. ಜಮೀನಿನ ಪತ್ರ ಬರೆದರೆ ಅದು ನೋಂದಣಿ ಕಚೇರಿಗೆ ಹೋಗಿ ಅಲ್ಲಿಯವರ ಕಣ್ಣಿಗೆ ಬೀಳುತ್ತಿತ್ತು, ತಪ್ಪಿದ್ದರೆ ವಾಪಸು ಬರುತ್ತಿತ್ತು. ಬಿಡುಗಡೆ ಪತ್ರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಊರ ಹಿರಿಯರು ಹೇಳಿದ್ದನ್ನು ನಾನು ಛಾಪಾ ಕಾಗದದ ಮೇಲೆ ಬರೆಯುತ್ತಿದ್ದೆ, ಇಬ್ಬರೂ ಸಹಿ ಹಾಕುತ್ತಿದ್ದರು, ಹೆಣ್ಣಿನ ಕಡೆಯವರು ಪಾತ್ರೆ ಪಗಡೆ ಎತ್ತಿಕೊಂಡು ಹೋಗುತ್ತಿದ್ದರು. ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ನಂಬುತ್ತಿದ್ದರು. ನಾನು ಹಾಗೆಂದು ಅವರನ್ನು ನಂಬಿಸುತ್ತಿದ್ದೆ.

ಹಾಗೆ ಬರೆದ ಒಂದು ಪತ್ರದ ವಿಷಯ ಇದು. ಅದನ್ನು ಬರೆಸಿದವನು ನನ್ನ ಗೆಳೆಯ. ನಾವಿಬ್ಬರೂ ಒಂದೇ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಅವನು ಪೋಸ್ಟ್‌ಮ್ಯಾನ್ ಆದ. ಸೈಕಲ್ ತುಳಿದು ತುಳಿದು ಮಂಡಿ ಸವೆಸಿಕೊಂಡು, ನಿವೃತ್ತಿಯಾಗಿ, ಪಿರಿಯಾಪಟ್ಟಣದ ರಸ್ತೆಯ ಪಕ್ಕದ ತನ್ನ ಹಳ್ಳಿಯಲ್ಲಿ ಮನೆ ಕಟ್ಟಿಕೊಂಡಿದ್ದ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳನ್ನು ಕೆ.ಆರ್. ನಗರದ ಕಡೆ ಗದ್ದೆ ಇದ್ದವರಿಗೆ ಕೊಟ್ಟಿದ್ದ. ಚಿಕ್ಕವಳನ್ನು ಸರಗೂರಿನ ಹತ್ತಿರದ ಒಂದು ಮನೆಗೆ ಕೊಟ್ಟ. ಚಿಕ್ಕವಳ ಬಾಳು ನಾಲ್ಕು ವರ್ಷವೂ ನಡೆಯಲಿಲ್ಲ. ಹೊಡೆತ ತಿಂದು ಎರಡು ಸಲ ಬಂದಳು, ಎರಡು ಸಲವೂ ಬುದ್ಧಿ ಹೇಳಿ ಕಳಿಸಿದೆವು. ಬುದ್ಧಿ ಹೇಳಿದವರಲ್ಲಿ ನಾನೂ ಒಬ್ಬ. ಮೂರನೆಯ ಸಲ ಬಂದವಳು ಮತ್ತೆ ಹೋಗಲಿಲ್ಲ.

ಪಂಚಾಯ್ತಿ ಅವಳ ಅಪ್ಪನ ಮನೆಯ ಜಗಲಿಯಲ್ಲೇ ಸೇರಿತು. ಗಂಡಿನ ಕಡೆಯಿಂದ ಐದು ಜನ ಬಂದರು, ಹೆಣ್ಣಿನ ಕಡೆಯಿಂದಲೂ ಐದು ಜನ. ತಟ್ಟೆಯಲ್ಲಿ ಎಲೆ ಅಡಿಕೆ ಇತ್ತು, ಪಕ್ಕದಲ್ಲಿ ಅವಳ ಕೊರಳಿನಿಂದ ಬಿಚ್ಚಿದ ತಾಳಿ ಇತ್ತು. ನಾನು ಮಣೆಯ ಮೇಲೆ ಕೂತು ಬರೆದೆ: ‘ಈ ದಿನದಿಂದ ನಮ್ಮಿಬ್ಬರಿಗೂ ಸತಿಪತಿ ಸಂಬಂಧವಿರುವುದಿಲ್ಲ. ಯಾರು ಯಾರನ್ನು ಬೇಕಾದರೂ ಮದುವೆಯಾಗಲು ಒಬ್ಬರಿಗೊಬ್ಬರು ಅಡ್ಡಿಪಡಿಸತಕ್ಕದ್ದಲ್ಲ.’ ಆ ವಾಕ್ಯ ನನಗೆ ಬಾಯಿಪಾಠ.

ಬರೆದು ಮುಗಿಸುವ ಹೊತ್ತಿಗೆ ಗೆಳೆಯ ನನ್ನ ಕಿವಿಯ ಹತ್ತಿರ ಬಗ್ಗಿದ.

“ಲೇ, ನಮ್ ಡಿಪಾರ್ಟ್‌ಮೆಂಟಲ್ಲಿ ಡೈವೋರ್ಸ್ ಆದ ಮಗಳ್ಗೂ ಪೆನ್ಶನ್ ಅದೆ ಅಂತಾರೆ ಕಣ್ಲಾ. ನಾನೂ ಇವ್ಳೂ ಹೋದ್‌ಮ್ಯಾಕೆ ಆ ಮಗೀಗೆ ಬತ್ತದಂತೆ. ಅದ್ಕೆ ಕೋರ್ಟಲ್ಲೇ ಮಾಡುಸ್ಬೇಕೇನೋ?”

ಅವನು ಮೆಲ್ಲಗೆ ಕೇಳಿದ. ನಾನು ಎಲ್ಲರಿಗೂ ಕೇಳುವ ಹಾಗೆ ಉತ್ತರ ಹೇಳಿದೆ.

“ಐದೂ ಐದೂ ಅತ್ತು ಜನ ಕೂತವ್ರೆ, ಇವುನಿಗೆ ಕೋರ್ಟ್ ಬೇಕಂತೆ! ನನ್ ಕಾಗ್ದಕ್ಕಿಂತ ದೊಡ್ಡ ಕೋರ್ಟಾ?”

ಜನ ನಕ್ಕರು. ಅವನೂ ನಕ್ಕ. ಎದೆಯ ಜೇಬಿನಿಂದ ಪೆನ್ನು ತೆಗೆದು ಸಾಕ್ಷಿ ಹಾಕಿದ. ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿ ನಗಲಿಲ್ಲ ಎನ್ನುವುದು ನನಗೆ ಈಗಲೂ ನೆನಪಿದೆ.

ಇಲ್ಲಿಯವರೆಗಿನದು ತಿಳಿಯದೆ ಮಾಡಿದ ತಪ್ಪು ಎನ್ನಬಹುದು. ಮುಂದಿನದನ್ನು ಹಾಗೆನ್ನಲು ಬರುವುದಿಲ್ಲ.

ಅದಾಗಿ ವರ್ಷದೊಳಗೆ ಗೆಳೆಯ ಒಂದು ಕಾಗದ ಹಿಡಿದು ನನ್ನ ಚಪ್ಪರಕ್ಕೆ ಬಂದ. ಮಗಳ ಹೆಸರಿನ ಮುಂದೆ ‘ವಿವಾಹಿತೆ’ ಎಂದು ಇದ್ದುದನ್ನು ‘ವಿಚ್ಛೇದಿತೆ’ ಎಂದು ತಿದ್ದಿಕೊಳ್ಳಿ ಎಂದು ಅವನು ತನ್ನ ಇಲಾಖೆಗೆ ಬರೆದಿದ್ದನಂತೆ. ಜೊತೆಗೆ ನನ್ನ ಬಿಡುಗಡೆ ಪತ್ರದ ನಕಲು ಇಟ್ಟಿದ್ದನಂತೆ. ಅದಕ್ಕೆ ಬಂದ ಉತ್ತರ ಅದು. ಇಂಗ್ಲಿಷಿನಲ್ಲಿತ್ತು, ನಾಲ್ಕೇ ಸಾಲು. ನನಗೆ ಇಂಗ್ಲಿಷ್ ನಿಧಾನ, ಆದರೆ ಬರುತ್ತದೆ. ಸಕ್ಷಮ ನ್ಯಾಯಾಲಯದ ವಿಚ್ಛೇದನ ಆದೇಶದ ದೃಢೀಕೃತ ನಕಲು ಕಳಿಸಿ ಎಂದು ಅದರಲ್ಲಿತ್ತು. ನಾನು ಎರಡು ಸಲ ಓದಿದೆ. ಅರ್ಥವಾಯಿತು.

“ಏನಂತ್ಲಾ ಇದು? ಕೋರ್ಟ್ ಅಂತ ಅದೆ ಅಲ್ವಾ?” ಎಂದ ಗೆಳೆಯ. ಅವನಿಗೂ ಅಷ್ಟು ಇಂಗ್ಲಿಷ್ ಬರುತ್ತಿತ್ತು. ಆದರೆ ತನ್ನ ಓದಿಗಿಂತ ನನ್ನ ಮಾತಿನ ಮೇಲೆ ಅವನಿಗೆ ಹೆಚ್ಚು ನಂಬಿಕೆ.

ಅವತ್ತು ಚಪ್ಪರದ ಕೆಳಗೆ ನನ್ನ ಕಸುಬಿನವರೇ ನಾಲ್ಕು ಜನ ಕೂತಿದ್ದರು. ನನ್ನ ಕಾಗದ ನಡೆಯಲಿಲ್ಲವೆಂಬ ಮಾತು ಅವರ ಕಿವಿಗೆ ಬಿದ್ದರೆ ಸಂಜೆಯೊಳಗೆ ಸಂತೆಗೆಲ್ಲ ಗೊತ್ತಾಗುತ್ತದೆ. ನಾಳೆ ಇನ್ನೊಬ್ಬ, ನಾಡಿದ್ದು ಮತ್ತೊಬ್ಬ ತನ್ನ ಮಗಳ ಬಿಡುಗಡೆ ಪತ್ರ ಹಿಡಿದು ಬಂದು ‘ಇದೂ ನಡೆಯಲ್ವಾ?’ ಎಂದು ಕೇಳುತ್ತಾನೆ. ನಾನು ಇದನ್ನೆಲ್ಲ ಒಂದು ಎಲೆ ಮಡಿಸುವಷ್ಟು ಹೊತ್ತಿನಲ್ಲಿ ಯೋಚಿಸಿದೆ.

“ಅವ್ರು ಅಂಗೇ ಕೇಳ್ತಾರೆ ಬುಡು. ಕಾಗ್ದಕ್ಕೆ ನೋಟರಿ ಮುದ್ರೆ ಆಕ್ಸಿ ಇಟ್ಕೊ, ಸಾಕು” ಎಂದೆ. ಅವನು ಮರೆಯಬಾರದೆಂದು ಆ ಪತ್ರದ ಹಿಂಬದಿಯಲ್ಲೇ ಪೆನ್ಸಿಲಿನಲ್ಲಿ ‘ನೋಟರಿ ಸಾಕು’ ಎಂದು ಬರೆದೂ ಕೊಟ್ಟೆ. ಅವನು ಅವತ್ತೇ ಹೋಗಿ ಕೆಂಪು ದುಂಡು ಮುದ್ರೆ ಹಾಕಿಸಿಕೊಂಡ. ನನಗೆ ಕಾಫಿ ಕೊಡಿಸಿ ಬಸ್ ಹತ್ತಿದ.

ಮರುವರ್ಷ ಅವನು ತೀರಿಕೊಂಡ. ಅವನ ಹೆಂಡತಿಗೆ ಕುಟುಂಬ ಪಿಂಚಣಿ ಬಂತು. ಆಕೆ ನನ್ನನ್ನು ಅಣ್ಣಯ್ಯ ಎನ್ನುತ್ತಿದ್ದರು, ಹಾಗಾಗಿ ಮಗಳಿಗೆ ನಾನು ಮಾವ. ತಾಯಿ ಮಗಳು ಆ ಪಿಂಚಣಿಯಲ್ಲೇ ಬದುಕಿದರು. ಮಗಳು ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರ ಹೆಂಗಸರ ರವಿಕೆ ಹೊಲಿಯುತ್ತಿದ್ದಳು. ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ಅವರ ಜಗಲಿಯಲ್ಲಿ ಕೂತು ಎದ್ದು ಬರುತ್ತಿದ್ದೆ. ಹತ್ತು ವರ್ಷ. ಆ ಹತ್ತು ವರ್ಷದಲ್ಲಿ ಯಾವತ್ತಾದರೂ ಒಂದು ದಿನ ‘ಆ ಕಾಗದ ನಡೆಯಲ್ಲ ಕಣವ್ವ, ಕೋರ್ಟಿಗೆ ಹಾಕು’ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹುಡುಗಿ ಮತ್ತೆ ಮದುವೆಯಾಗಬಹುದು, ಆಗ ಪಿಂಚಣಿಯ ಮಾತೇ ಬರುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅವಳು ಮದುವೆಯಾಗಲಿಲ್ಲ. ಗಂಡ ಅನ್ನಿಸಿಕೊಂಡವನು ನನ್ನ ಕಾಗದದ ಬಲದಲ್ಲಿ ಇನ್ನೊಂದು ಮದುವೆಯಾಗಿ ಎರಡು ಮಕ್ಕಳ ತಂದೆಯಾಗಿದ್ದ.

ಆಮೇಲೆ ಒಂದು ದಿನ ತಾಯಿಗೆ ಬಚ್ಚಲಲ್ಲಿ ಪಾರ್ಶ್ವವಾಯು ಹೊಡೆಯಿತು. ಮೈಸೂರಿಗೆ ಸಾಗಿಸಿದರು. ಒಂದು ವಾರವಾದ ಮೇಲೆ ಮಗಳು ನನ್ನ ಚಪ್ಪರಕ್ಕೆ ಬಂದಳು. ಕೈಯಲ್ಲಿ ಅವಳಪ್ಪನ ಖಾಕಿ ಚೀಲ.

“ಮಾವ, ಅವ್ವಂಗೆ ಮಾತು ಸ್ವಲ್ಪ ಬಂದದೆ. ಬಂದೇಟ್ಗೆ ಏನಂತಂತು ಗೊತ್ತಾ? ‘ನಾನು ಇರೋವಾಗ್ಲೇ ನಿನ್ ಪೆನ್ಶನ್ ಕಾಗ್ದ ಸರಿ ಮಾಡ್ಕೊ, ಅಣ್ಣಯ್ಯನ್ನ ಕರ್ಕೊಂಡೋಗು’ ಅಂತು. ಡಾಕ್ಟ್ರು ಏನೂ ಗಟ್ಟಿ ಏಳ್ತಾ ಇಲ್ಲ.”

ಚೀಲದಿಂದ ಒಂದೊಂದೇ ಕಾಗದ ತೆಗೆದು ನನ್ನ ಮೇಜಿನ ಮೇಲೆ ಇಟ್ಟಳು. ಅಪ್ಪನ ಪಿಂಚಣಿ ಆದೇಶ, ಅವನ ಮರಣ ಪ್ರಮಾಣಪತ್ರ, ತನ್ನ ಶಾಲೆಯ ವರ್ಗಾವಣೆ ಪತ್ರ, ಆಧಾರ್, ಪಾನ್, ಬ್ಯಾಂಕ್ ಪುಸ್ತಕ, ನಾಡಕಚೇರಿಯಲ್ಲಿ ಮಾಡಿಸಿದ ಆದಾಯ ಪತ್ರ. ಎಲ್ಲದರ ಮೇಲೆ, ಪ್ಲಾಸ್ಟಿಕ್ ಹೊದಿಕೆಯೊಳಗೆ, ನನ್ನ ದುಂಡು ಅಕ್ಷರದ ಬಿಡುಗಡೆ ಪತ್ರ. ಕೆಂಪು ಮುದ್ರೆ ಸ್ವಲ್ಪವೂ ಮಾಸಿರಲಿಲ್ಲ.

“ಎಲ್ಲಾ ಅದೆ ಅಲ್ವಾ ಮಾವ?” ಎಂದಳು.

ಆಗಲಾದರೂ ಹೇಳಬೇಕಿತ್ತು. “ನಡಿ, ಮೈಸೂರಿಗೇ ಓಗಿ ತೋರುಸ್ವ” ಎಂದೆ. ನನ್ನ ಬಾಯಲ್ಲಿ ಬರಬೇಕಾದದ್ದು ಬೇರೆಯವರ ಬಾಯಲ್ಲಿ ಬರಲಿ ಎಂಬ ಹೇಡಿತನ ಅದು. ಯಾರಿಗೆ ಗೊತ್ತು, ಗುಮಾಸ್ತರು ಕಣ್ಣು ಮುಚ್ಚಿ ತೆಗೆದುಕೊಂಡರೂ ತೆಗೆದುಕೊಳ್ಳಬಹುದು ಎಂಬ ಆಸೆಯೂ ಇತ್ತು.

ಮೈಸೂರಿನ ಅಂಚೆ ಕಚೇರಿಯ ಪಿಂಚಣಿ ವಿಭಾಗದಲ್ಲಿ ಕನ್ನಡಕ ಹಾಕಿದ ಒಬ್ಬ ಹೆಂಗಸು ಕೂತಿದ್ದರು. ಕಾಗದಗಳನ್ನು ಇಸ್ಪೀಟ್ ಎಲೆಯ ಹಾಗೆ ಜೋಡಿಸಿಕೊಂಡು ನೋಡಿದರು. ಅವರ ಮುಖದಲ್ಲಿ ಕೆಲಸ ಆಗುವ ಲಕ್ಷಣವೇ ಇತ್ತು.

“ನಿಮ್ಮ ತಂದೆ ಅಚ್ಚುಕಟ್ಟಾದ ಮನುಷ್ಯ ಕಣಮ್ಮ. ಅರ್ಹತೆ ಇರಲಿ ಬಿಡಲಿ, ಎಲ್ಲಾ ಮಕ್ಕಳ ಹೆಸರೂ ಕುಟುಂಬದ ಪಟ್ಟಿಯಲ್ಲಿ ಬರೆಯಬೇಕು. ಎಷ್ಟೋ ಜನ ಮದುವೆಯಾದ ಹೆಣ್ಣುಮಕ್ಕಳನ್ನ ಬಿಟ್ಟೇಬಿಟ್ಟಿರ್ತಾರೆ. ಇವರು ಇಬ್ಬರದೂ ಬರೆದಿದ್ದಾರೆ” ಎಂದರು. ಆಮೇಲೆ ನನ್ನ ಪತ್ರ ಕೈಗೆತ್ತಿಕೊಂಡರು. ಓದಿ ಮುಗಿಸಿ ನಕ್ಕೇಬಿಟ್ಟರು.

“ಯಾರ್ರೀ ಬರೆದಿದ್ದು ಇದನ್ನ? ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿದೆ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ. ಇಲ್ಲಿಗೆ ಆಗಲ್ಲ.”

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಹುಡುಗಿ ಒಂದು ಕ್ಷಣ ನನ್ನ ಕಡೆ ತಿರುಗಿದಳು.

“ಯಾರೋ ಊರಿನ ದೊಡ್ಡೋರು ಬರ್ದಿದ್ದು ಮೇಡಂ” ಎಂದಳು. “ಯಾಕಾಗಲ್ಲ?”

“ನೋಡಮ್ಮ, ಈ ಪತ್ರ ಏನೇ ಹೇಳಲಿ, ನಮ್ಮ ಲೆಕ್ಕದಲ್ಲಿ ನೀನು ಇವತ್ತಿಗೂ ಮದುವೆಯಾದ ಮಗಳು. ಮದುವೆಯಾದ ಮಗಳಿಗೆ ಕುಟುಂಬ ಪಿಂಚಣಿ ಇಲ್ಲ. ಗಂಡ ಸಾಕಲಿ ಬಿಡಲಿ, ಬಡವಳಾಗಿರಲಿ, ಇಲ್ಲ. ಮದುವೆಯಾಗದವಳು, ಗಂಡ ಸತ್ತವಳು, ವಿಚ್ಛೇದನ ಆದವಳು, ಇಷ್ಟು ಜನಕ್ಕೆ ಇಪ್ಪತ್ತೈದು ದಾಟಿದ ಮೇಲೂ ಇದೆ. ತಂದೆತಾಯಿಯನ್ನ ನಂಬಿಕೊಂಡೇ ಬದುಕಿರಬೇಕು, ಸ್ವಂತ ಸಂಪಾದನೆ ಇಲಾಖೆ ಹಾಕಿರೋ ಮಿತಿ ದಾಟಬಾರದು, ಮತ್ತೆ ಮದುವೆ ಆಗಬಾರದು. ನಿನಗೆ ಅದೆಲ್ಲಾ ಸರಿಯಾಗಿದೆ. ವಿಚ್ಛೇದನ ಒಂದೇ ಇಲ್ಲ. ಅದನ್ನ ಕೊಡೋದು ಕೋರ್ಟು.”

“ಈಗ ಕೋರ್ಟಿಗೆ ಆಕ್ದ್ರೆ?”

ಆಕೆ ಕನ್ನಡಕ ತೆಗೆದರು. “ತಾಯಿ ಇದ್ದಾರಾ?”

“ಅವ್ರೆ. ಇಲ್ಲೇ ಆಸ್ಪತ್ರೇಲಿ.”

“ಹಾಗಾದ್ರೆ ಇಲ್ಲಿ ನಿಂತು ನನ್ನ ಜೊತೆ ಮಾತಾಡಬೇಡ. ತಂದೆ ತಾಯಿ ಇಬ್ಬರಲ್ಲಿ ಒಬ್ಬರಾದರೂ ಜೀವಂತ ಇರುವಾಗ ಕೋರ್ಟಿನಲ್ಲಿ ಅರ್ಜಿ ದಾಖಲಾಗಿರಬೇಕು. ಆದೇಶ ಅವರು ಹೋದ ಮೇಲೆ ಬಂದ್ರೂ ಪರವಾಗಿಲ್ಲ, ಆದೇಶದ ದಿನದಿಂದ ನಿನಗೆ ಪಿಂಚಣಿ. ಅವರು ಹೋದ ಮರುದಿನ ಅರ್ಜಿ ಹಾಕಿದ್ರೆ ಏನೂ ಇಲ್ಲ. ಒಂದು ದಿನ ತಡವಾದ್ರೂ ಇಲ್ಲ.”

ಹೊರಗೆ ಬಂದೆವು. ನಾನು ಮೆಟ್ಟಿಲ ಮೇಲೆ ಕೂತೆ. ಈಗಲೂ ಹೇಳದಿದ್ದರೆ ಮನುಷ್ಯನೇ ಅಲ್ಲ ಎನ್ನಿಸಿತು.

“ನಂಗೆ ಗೊತ್ತಿತ್ತು ಕಣವ್ವ. ನಿಮ್ಮಪ್ಪ ಒಂದು ಲೆಟ್ರು ತಂದಿದ್ದ. ನಾನು ಓದ್ದೆ. ಕೋರ್ಟು ಅಂತ ಇತ್ತು. ನೋಟರಿ ಸಾಕು ಅಂದ್‌ಬುಟ್ಟೆ.”

ಅವಳು ಅಳುತ್ತಾಳೆ, ಇಲ್ಲ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಖಾಕಿ ಚೀಲದ ಒಳಜೇಬಿಗೆ ಕೈಹಾಕಿ ಮಡಿಸಿದ ಒಂದು ಕಾಗದ ತೆಗೆದಳು. ಅದೇ ಪತ್ರ. ತಿರುಗಿಸಿ ಹಿಂಬದಿ ತೋರಿಸಿದಳು. ನನ್ನ ಪೆನ್ಸಿಲ್ ಬರಹ ಬೂದಿಯ ಬಣ್ಣಕ್ಕೆ ತಿರುಗಿತ್ತು.

“ಮೊನ್ನೆ ಕಾಗ್ದ ಹುಡುಕುವಾಗ ಸಿಕ್ತು ಮಾವ. ಮುಂದ್ಗಡೆ ಇಂಗ್ಲೀಷು ನಂಗೂ ಅರ್ಥ ಆಯ್ತು. ಹಿಂದ್ಗಡೆ ಅಕ್ಷರ ಯಾರ್ದು ಅಂತ್ಲೂ ಗೊತ್ತಾಯ್ತು.”

“ಮತ್ತೆ ಚಪ್ಪರದತ್ರ ಬಂದಾಗ ಯಾಕೆ ಕೇಳ್ಳಿಲ್ಲ?”

“ನೀವಾಗೇ ಏಳ್ತೀರೇನೋ ಅಂತ ನೋಡ್ದೆ.” ಅವಳು ಪತ್ರವನ್ನು ಮೊದಲಿದ್ದ ಹಾಗೆಯೇ ಮಡಿಸಿದಳು. “ಬಸ್ಸಲ್ಲಿ ಬರೋವಾಗ್ಲೂ ನೋಡ್ದೆ. ಒಳಗಡೆ ಆಯಮ್ಮ ನಗಾಡ್ದಾಗ್ಲೂ ನೋಡ್ದೆ.”

ಅಷ್ಟೇ ಅವಳು ಅಂದದ್ದು. ಹತ್ತು ಜನರ ಎದುರು ಚಪ್ಪಲಿಯಲ್ಲಿ ಹೊಡೆದಿದ್ದರೂ ನನಗೆ ಅಷ್ಟು ತಾಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ತಾಯಿಗೂ ನಾನೇ ಹೇಳಿದೆ. ಆಕೆಯ ಬಾಯಿ ಒಂದು ಕಡೆಗೆ ವಾಲಿತ್ತು, ಮಾತು ತೊದಲುತ್ತಿತ್ತು, ಆದರೆ ಕಣ್ಣು ಮೊದಲಿನ ಹಾಗೇ ಚುರುಕು. ಪಕ್ಕದಲ್ಲಿ ಕೆ.ಆರ್. ನಗರದಿಂದ ಬಂದಿದ್ದ ದೊಡ್ಡ ಮಗಳು ಕೂತಿದ್ದಳು. ನಾನು ಹೇಳಿ ಮುಗಿಸುವ ಮೊದಲೇ ಅವಳು ಬಾಯಿ ಹಾಕಿದಳು.

“ಇವ್ಳಿಗೆ ಬರಲ್ಲ ಅಂದ್ರೆ ಇಬ್ರಿಗೂ ಅರ್ಧ ಅರ್ಧ ಮಾಡಿ ಅಂತ ಬರ್ದು ಕೊಡಕಾಗಲ್ವಾ ಮಾವ? ನಾನೂ ಮಗಳೇ ತಾನೇ? ನಂದೂ ಹೆಸ್ರು ಅದೆ ಅಂತೀರ.”

“ಹೆಸ್ರು ಇರೋದೇ ಬೇರೆ, ಪೆನ್ಶನ್ ಬರೋದೇ ಬೇರೆ ಕಣವ್ವ. ಮದ್ವೆ ಆಗಿರೋ ಮಗಳ್ಗೆ ಇಲ್ಲ.”

“ಗಂಡ ಒಬ್ನು ಇದ್ರೆ ಸಾಕು, ಎಲ್ಲಾ ಕಳ್ಕೊಳದೇ ಆಯ್ತು!” ಎಂದಳು ಅವಳು. ಕಾಯಿಲೆಯಾದ ತಾಯಿಗೂ ನಗು ಬಂತು. ನಗು ನಿಂತ ಮೇಲೆ ಆಕೆ ನನ್ನ ಕಡೆ ತಿರುಗಿದರು. ಒಂದೊಂದೇ ಮಾತು ಎತ್ತಿಟ್ಟ ಹಾಗೆ ಹೇಳಿದರು.

“ಅಣ್ಣಯ್ಯ... ನಾನು... ಎಷ್ಟು ದಿನ... ಇರ್ಬೇಕು?”

ಅದು ವ್ಯಂಗ್ಯವೋ ನಿಜವಾದ ಪ್ರಶ್ನೆಯೋ ನನಗೆ ತಿಳಿಯಲಿಲ್ಲ. “ಅರ್ಜಿ ದಾಖಲಾಗೋ ತಂಕ ಕಣವ್ವ” ಎಂದೆ. ಆಕೆ ಹೂಂ ಎಂದು ಕಣ್ಣು ಮುಚ್ಚಿದರು. ಕೊಟ್ಟ ಕೆಲಸ ಒಪ್ಪಿಕೊಂಡವರ ಹಾಗೆ.

ಆ ಸಂಜೆಯೇ ಹುಣಸೂರಿಗೆ ಬಂದು ಒಬ್ಬ ವಕೀಲರ ಮನೆಗೆ ಹೋದೆವು. ದಾರಿಯಲ್ಲಿ ನನಗೊಂದು ಯೋಚನೆ ಬಂದಿತ್ತು. ಸರಗೂರಿಗೆ ಹೋಗಿ ಆ ಗಂಡಸಿನ ಕೈಕಾಲು ಹಿಡಿದು ಒಪ್ಪಿಸಿದರೆ, ಇಬ್ಬರೂ ಸೇರಿ ಒಪ್ಪಿಗೆಯ ಅರ್ಜಿ ಹಾಕಬಹುದು, ಕೆಲಸ ಬೇಗ ಆಗುತ್ತದೆ. ಊರಿನ ನಾಲ್ಕು ಜನರನ್ನೂ ಕರೆದುಕೊಂಡು ಹೋಗುತ್ತೇನೆ ಎಂದೆ.

ಹುಡುಗಿ ಕೈ ಮುಗಿದಳು. “ಬ್ಯಾಡಿ ಮಾವ. ಇನ್ನೊಂದ್ ಪಂಚಾಯ್ತಿ ಬ್ಯಾಡಿ.”

ವಕೀಲರೂ ಅವಳ ಕಡೆಗೇ ಇದ್ದರು. “ಅವನ ಸಹಿಗೆ ಕಾದು ಕೂತ್ರೆ ತಾಯಿ ಕಾಯ್ತಾರೇನ್ರೀ? ಅವನು ಇನ್ನೊಂದು ಮದುವೆ ಮಾಡ್ಕೊಂಡಿದ್ದಾನೆ, ಕೋರ್ಟು ಅಂದ್ರೆ ಹೆದರ್ತಾನೆ, ನಾಳೆ ನಾಡಿದ್ದು ಅಂತಾನೆ. ಇವರೊಬ್ಬರೇ ಹಾಕಬಹುದು. ಇವರು ಇರೋದು ಈ ತಾಲ್ಲೂಕಲ್ಲಿ, ಈ ಕೋರ್ಟಲ್ಲೇ ಹಾಕೋಣ. ಆಮೇಲೆ ಅವನು ಬಂದು ಒಪ್ಪಿಕೊಂಡ್ರೆ ಒಪ್ಪಿಗೆಗೆ ಬದಲಾಯಿಸೋದು ದೊಡ್ಡ ಕೆಲಸ ಅಲ್ಲ.”

“ನಮ್ ಜನದಲ್ಲಿ ಇದು ಹಿಂದಿನಿಂದ್ಲೂ ನಡ್ಕೊಂಡ್ ಬಂದಿರೋ ಕಟ್ಟಳೆ ಅಂತ...” ಎಂದು ನಾನು ಬಾಯಿ ತೆರೆದೆ. ಹಳೆಯ ಚಟ.

“ಅದನ್ನೂ ಕೋರ್ಟಲ್ಲೇ ಸಾಬೀತು ಮಾಡಬೇಕು ಯಜಮಾನ್ರೇ. ಹೇಗಿದ್ರೂ ಬಾಗಿಲು ಒಂದೇ” ಎಂದರು ವಕೀಲರು.

ಅವರು ಕೇಳಿದ್ದು ಮದುವೆಯ ಲಗ್ನಪತ್ರಿಕೆ, ಮದುವೆಯ ಫೋಟೋ, ಇಬ್ಬರ ವಿಳಾಸ, ಅವಳ ಆಧಾರ್, ಪಡಿತರ ಚೀಟಿ. ಲಗ್ನಪತ್ರಿಕೆ ಎಲ್ಲಿಯೂ ಸಿಗಲಿಲ್ಲ. ತವರಿನವರು ಅದನ್ನು ಸಿಟ್ಟಿನಲ್ಲಿ ಒಲೆಗೆ ಹಾಕಿದ್ದರು. ಕೊನೆಗೆ ಅದು ನನ್ನ ಮನೆಯಲ್ಲೇ ಸಿಕ್ಕಿತು. ಬಂದ ಲಗ್ನಪತ್ರಿಕೆಗಳ ಹಿಂಬದಿಯ ಖಾಲಿ ಜಾಗದಲ್ಲಿ ನಾನು ಕರಡು ಬರೆಯುತ್ತಿದ್ದೆ, ಅದಕ್ಕಾಗಿ ಒಂದನ್ನೂ ಎಸೆಯುತ್ತಿರಲಿಲ್ಲ. ಅವಳ ಮದುವೆಯ ಪತ್ರಿಕೆಯ ಹಿಂದೆ ಯಾರದೋ ಬಾವಿಯ ಭಾಗದ ಕರಡು ಇತ್ತು. ನನ್ನ ಬಿಡುಗಡೆ ಪತ್ರವನ್ನೂ ವಕೀಲರು ಅರ್ಜಿಯ ಜೊತೆ ಲಗತ್ತಿಸಿದರು. ವಿಚ್ಛೇದನವಾಗಿ ಅದು ನಡೆಯದಿದ್ದರೂ, ಇವರಿಬ್ಬರೂ ಯಾವಾಗಿನಿಂದ ಬೇರೆ ಇದ್ದಾರೆ ಎನ್ನುವುದಕ್ಕೆ ಸಾಕ್ಷಿಯಾಗಿ ನಡೆಯುತ್ತದಂತೆ. ಅರ್ಜಿಯ ಅಫಿಡವಿಟ್ಟಿಗೆ ನೋಟರಿಯ ಮುದ್ರೆ ಬಿತ್ತು. ಅದೇ ಕೆಂಪು, ಅದೇ ದುಂಡು. ಈ ಸಲ ಬೀಳಬೇಕಾದ ಜಾಗದಲ್ಲಿ ಬಿತ್ತು.

ಆದರೆ ನಡುವೆ ಎರಡನೆಯ ಶನಿವಾರ, ಭಾನುವಾರ ಬಂದವು. ಸೋಮವಾರ ಸರ್ಕಾರಿ ರಜೆ. ಆ ಮೂರು ದಿನ ಫೋನನ್ನು ಕೈಯಿಂದ ಕೆಳಗಿಡಲಿಲ್ಲ. ದೊಡ್ಡ ಮಗಳು ಆಸ್ಪತ್ರೆಯಿಂದ ಬೆಳಿಗ್ಗೆ ಸಂಜೆ ಹೇಳುತ್ತಿದ್ದಳು: “ಗಂಜಿ ಕುಡೀತು ಮಾವ.” “ಇವತ್ತು ಗಂಜೀನೂ ಬ್ಯಾಡ ಅಂತು.” “ಅರ್ಜಿ ಆಯ್ತಾ ಅಂತ ಸನ್ನೇಲಿ ಕೇಳ್ತು.”

ಮಂಗಳವಾರ ಕೋರ್ಟಿನ ಕಚೇರಿ ತೆರೆಯುವ ಮೊದಲೇ ನಾವು ಅಲ್ಲಿದ್ದೆವು. ಮಧ್ಯಾಹ್ನದ ಹೊತ್ತಿಗೆ ಅರ್ಜಿಯ ಮೇಲೆ ತಾರೀಖಿನ ಮುದ್ರೆ ಬಿತ್ತು. ಹುಡುಗಿ ಅದರ ಫೋಟೋ ತೆಗೆದು ಅಕ್ಕನ ಫೋನಿಗೆ ಕಳಿಸಿದಳು. ಅಕ್ಕ ಅದನ್ನು ಅವ್ವನ ಕಣ್ಣಿನ ಮುಂದೆ ಹಿಡಿದಳಂತೆ. ಆಕೆಗೆ ಓದಲು ಬರುತ್ತಿರಲಿಲ್ಲ. ಆದರೂ ಬಹಳ ಹೊತ್ತು ನೋಡಿದರಂತೆ.

ಅರ್ಜಿ ದಾಖಲಾದ ಒಂಬತ್ತನೆಯ ದಿನ ಆಕೆ ತೀರಿಕೊಂಡರು.

ಕೋರ್ಟು ನಡೆದದ್ದು ಒಂದು ವರ್ಷ ನಾಲ್ಕು ತಿಂಗಳು. ಗಂಡ ಮೊದಮೊದಲು ನೋಟಿಸು ತೆಗೆದುಕೊಳ್ಳದೆ ತಪ್ಪಿಸಿಕೊಂಡ. ಆಮೇಲೆ ಇವಳಿಗೆ ತನ್ನ ಎರಡನೆಯ ಮದುವೆಯ ಮೇಲೆ ದೂರು ಕೊಡುವ ಉದ್ದೇಶವಿಲ್ಲ ಎಂದು ತಿಳಿದ ಮೇಲೆ ಬಂದು ಒಪ್ಪಿಕೊಂಡ. ಆ ಒಂದು ವರ್ಷ ನಾಲ್ಕು ತಿಂಗಳಿಗೆ ಅವಳಿಗೆ ಪಿಂಚಣಿಯಿಲ್ಲ, ಇನ್ನು ಮುಂದೆಯೂ ಆ ದಿನಗಳದು ಬರುವುದಿಲ್ಲ. ಆದೇಶದ ದಿನದಿಂದ ಮಾತ್ರ. ಗೆಳೆಯ ಜಗಲಿಯಲ್ಲಿ ಕೇಳಿದಾಗಲೇ ನಾನು ಹೂಂ ಅಂದಿದ್ದರೆ, ಅವ್ವ ಕಣ್ಣು ಮುಚ್ಚಿದ ಮರುದಿನದಿಂದಲೇ ಅವಳಿಗೆ ಬರುತ್ತಿತ್ತು. ಆ ದಿನಗಳನ್ನು ಅವಳು ಹೊಲಿಗೆಯಲ್ಲಿ ದಾಟಿದಳು. ನಾನು ಏನಾದರೂ ಕೊಡಲು ಹೋದರೆ ಬೇಡ ಎಂದಳು. “ಕೋರ್ಟಿಗೆ ನೀವು ಜೊತೇಲಿ ಬನ್ನಿ ಮಾವ, ಒಬ್ಳೇ ಕೂರಕ್ಕೆ ಒಂಥರಾ ಆಯ್ತದೆ” ಎಂದಳು. ಒಂದು ತಾರೀಖನ್ನೂ ಬಿಡದೆ ಹೋದೆ. ತಾಲ್ಲೂಕು ಕಚೇರಿಯ ಕಡೆಯಿಂದ ಕೋರ್ಟಿಗೆ ನಡೆದು ಹೋಗುವಾಗ ಚಪ್ಪರದವರು ಸುಮ್ಮನಿರುತ್ತಿರಲಿಲ್ಲ.

“ಏನಯ್ಯಾ, ನನ್ ಕಾಗ್ದಕ್ಕಿಂತ ದೊಡ್ಡ ಕೋರ್ಟಾ ಅಂತಿದ್ದೋನು ಈಗ ಕೋರ್ಟಲ್ಲೇ ಬಿಡಾರ ಹೂಡ್ಬುಟ್ಯಾ?”

“ಹೂಂ ಕಣಪ್ಪ. ನೀವೂ ಬರ್ದಿರೋ ಅಂಥ ಕಾಗ್ದ ಇದ್ರೆ ಓಗಿ ಏಳಿ ಅವ್ರಿಗೆ” ಎನ್ನುತ್ತಿದ್ದೆ. ನಗುತ್ತಿದ್ದರು. ನಾನು ಬರೆದವುಗಳಲ್ಲಿ ನೆನಪಿದ್ದ ಮನೆಗಳಿಗೆ ಹೋಗಿ ಬಂದೆ. ಹೆಚ್ಚಿನವರಿಗೆ ಪಿಂಚಣಿಯ ಮಾತೇ ಇರಲಿಲ್ಲ, ಹೊಲದ ಮೇಲೆ ಬದುಕುವವರು. ಒಬ್ಬ ಮೇಷ್ಟರ ಮನೆಯಿತ್ತು. ಅವರದು ರಾಜ್ಯ ಸರ್ಕಾರ. ಅಲ್ಲಿಯ ನಿಯಮವೇ ಬೇರೆ, ನನಗೆ ಅದು ತಿಳಿಯದು, ಖಜಾನೆಯಲ್ಲಿ ಕೇಳಿ ಎಂದೆ. ತಿಳಿಯದು ಎಂದು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದರೆ ಏನೂ ಆಗುವುದಿಲ್ಲ ಎನ್ನುವುದೂ ಅವತ್ತೇ ಗೊತ್ತಾಯಿತು. ಅವರು ಮಜ್ಜಿಗೆ ಕೊಟ್ಟು ಕಳಿಸಿದರು.

ಆದೇಶದ ದೃಢೀಕೃತ ನಕಲು ಕೈಗೆ ಬಂದ ವಾರ ಅವಳು ಮತ್ತೆ ಖಾಕಿ ಚೀಲ ಹಿಡಿದು ಬಂದಳು. ನಾನು ಆಗ ಚಪ್ಪರ ಬಿಟ್ಟಿದ್ದೆ, ಮನೆಗೇ ಬಂದಳು. ಈ ಸಲ ಅವ್ವನ ಮರಣ ಪ್ರಮಾಣಪತ್ರ ಸೇರಿತ್ತು, ಕೋರ್ಟಿನ ಆದೇಶ ಸೇರಿತ್ತು, ಅರ್ಜಿ ದಾಖಲಾದ ತಾರೀಖು ಕಾಣುವ ಹಾಳೆಯೂ ಇತ್ತು. ಆದಾಯ ಪತ್ರವನ್ನು ಹೊಸದಾಗಿ ಮಾಡಿಸಿದ್ದಳು. ಮತ್ತೆ ಮದುವೆಯಾಗಿಲ್ಲ ಎಂಬ ಘೋಷಣೆಯನ್ನು ತನ್ನ ಕೈಯಲ್ಲೇ ಬರೆದಿದ್ದಳು. ಪಿಂಚಣಿ ಅರ್ಜಿಯ ನಮೂನೆಯನ್ನೂ ತಾನೇ ತುಂಬಿದ್ದಳು. ಅಕ್ಷರ ನನ್ನಷ್ಟು ದುಂಡಗಿರಲಿಲ್ಲ, ಆದರೆ ಒಂದು ಖಾನೆಯನ್ನೂ ಬಿಟ್ಟಿರಲಿಲ್ಲ.

“ಬರ್ಸಕ್ಕೆ ಬಂದಿಲ್ಲ ಮಾವ. ಇವ್ಳೇ ಅವ್ಳು ಅಂತ ಊರಿನ ಇಬ್ರು ಗೌರವಸ್ಥರು ದೃಢೀಕರಿಸ್ಬೇಕಂತೆ. ಒಂದು ಸೈನು ಸ್ಕೂಲ್ ಮೇಷ್ಟ್ರು ಆಕವ್ರೆ. ಇನ್ನೊಂದು ನೀವು ಆಕಿ.”

“ಗೌರವಸ್ಥ ನಾನಾ?” ಎಂದೆ.

“ಆಕಿ ಮಾವ” ಎಂದಳು.

ಪೆನ್ನು ತೆಗೆದುಕೊಂಡೆ. ಕಾಗದ ನನ್ನ ಕಡೆ ಬರಲಿಲ್ಲ. ಅವಳ ಅಂಗೈ ಇನ್ನೂ ಅದರ ಮೇಲಿತ್ತು.

“ಮೊದ್ಲು ಓದ್ತೀನಿ, ಕೇಳುಸ್ಕೊಳಿ. ಎಲ್ಲಾ ಕೇಳುಸ್ಕೊಂಡು ಆಮೇಲೆ ಆಕಿ.”

ಮೊದಲ ಸಾಲಿನಿಂದ ಶುರುಮಾಡಿದಳು. ಅಪ್ಪನ ಹೆಸರು, ಅವನ ಹುದ್ದೆ, ಅವನು ತೀರಿದ ದಿನ, ಅವ್ವ ತೀರಿದ ದಿನ, ಅರ್ಜಿ ದಾಖಲಾದ ದಿನ, ಆದೇಶದ ದಿನ. ಅರ್ಜಿದಾರಳು ಯಾರು ಎಂಬ ಖಾನೆಗೆ ಬಂದಾಗ ಸ್ವಲ್ಪ ನಿಂತು, ‘ವಿಚ್ಛೇದಿತ ಮಗಳು’ ಎಂದು ಓದಿ, ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಹೂಂ ಎಂದೆ. ಪ್ರತಿ ಸಾಲಿಗೂ ಹೂಂ ಎನ್ನುವವರೆಗೆ ಅವಳು ಮುಂದಕ್ಕೆ ಹೋಗುತ್ತಿರಲಿಲ್ಲ. ಅವಳು ಹತ್ತಬೇಕಿದ್ದ ಪಿರಿಯಾಪಟ್ಟಣದ ಬಸ್ಸು ಬಂದು ಹಾರನ್ ಹೊಡೆದು ಹೋಯಿತು. ಅವಳು ಎದ್ದು ನೋಡಲಿಲ್ಲ. ಕೊನೆಯ ಸಾಲು ಮುಗಿದ ಮೇಲೆ ಅಂಗೈ ತೆಗೆದಳು.

ನಾನು ಸಹಿ ಹಾಕಿದೆ.